ಕಾಲು ಕಡಿಯಲು ಕಾರ್ಡ್ ನಡೆಯುತ್ತದೆ, ಕಾಲು ಉಳಿಸುವ ಮಾತ್ರೆಗೆ ನಡೆಯಲ್ಲ

ಹೊಲದಲ್ಲಿ ದುಡಿಯುವವರ ಕಾಲಿಗೆ ಒಂದು ಕಾಯಿಲೆ ಬರುತ್ತದೆ. ಊರಲ್ಲಿ ಅದಕ್ಕೆ ಸರಿಯಾದ ಹೆಸರಿಲ್ಲ. ಒಬ್ಬರು ಗಂಟು ಅನ್ನುತ್ತಾರೆ, ಇನ್ನೊಬ್ಬರು ಒಳಗೇ ಉಳಿದ ಮುಳ್ಳು ಅನ್ನುತ್ತಾರೆ. ಊದಿಕೊಂಡರೆ ಆನೆಕಾಲು, ಕೀವು ಸೋರಿದರೆ ಸಕ್ಕರೆ ಕಾಯಿಲೆ ಹುಣ್ಣು. ಡಾಕ್ಟರರ ಪುಸ್ತಕದಲ್ಲಿ ಇದರ ಹೆಸರು ಮೈಸಿಟೋಮ. ಹಳೆಯ ಹೆಸರು ಮಧುರಾ ಪಾದ. ನಮ್ಮ ಪಕ್ಕದ ತಮಿಳುನಾಡಿನ ಮಧುರೈ ಊರಿನಿಂದಲೇ ಆ ಹೆಸರು ಬಂದದ್ದು. 1840ರ ದಶಕದಲ್ಲಿ ಅಲ್ಲಿನ ಆಸ್ಪತ್ರೆಯ ಬ್ರಿಟಿಷ್ ವೈದ್ಯರು ಇಂಥ ಪಾದಗಳನ್ನು ಕಂಡು ಬರೆದಿಟ್ಟರು. ಆಮೇಲೆ ಮುಂಬೈಯಲ್ಲಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ವೈದ್ಯ ಇದು ಫಂಗಸ್‌ನಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬರುವ ಕಾಯಿಲೆ ಎಂದು ಹೇಳಿ, 1874ರಲ್ಲಿ ಅದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದ. ಆ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. ಕಾಲು ಕಡಿಯುವುದೊಂದೇ ದಾರಿ.

ಈಗ ಮದ್ದಿದೆ. ಆದರೂ ಕಾಲು ಹೋಗುತ್ತಿದೆ. ಯಾಕೆ ಹೋಗುತ್ತದೆ ಅನ್ನುವುದೇ ನಮ್ಮ ಈ ಬರಹ. ಮುಳ್ಳು ಚುಚ್ಚಿದ್ದಕ್ಕೆ ಕಾಲು ಹೋಗುವುದಿಲ್ಲ ಎಂಬುದು ನಮ್ಮ ವಾದ. ಅದು ಮೂರು ಕಡೆ ಹೋಗುತ್ತದೆ. ಸೋರಿದ್ದನ್ನು ಯಾರೂ ನೋಡದೆ ಬರೀ ಆಂಟಿಬಯಾಟಿಕ್ ಬರೆದ ಕಡೆ. ಸಣ್ಣ ಗಂಟನ್ನು ಅವಸರದಲ್ಲಿ ಕೊಯ್ದು ತೆಗೆದ ಕಡೆ. ಒಂದು ವರ್ಷ ನುಂಗಬೇಕಾದ ಮಾತ್ರೆಯನ್ನು ದುಡ್ಡಿಲ್ಲದೆ ಎರಡನೇ ತಿಂಗಳಿಗೆ ಬಿಟ್ಟ ಕಡೆ.

ಮೊದಲು ಕಾಳು ನೋಡಿ

ಭರಮಸಾಗರದಿಂದ ಹಿರಿಯೂರಿನವರೆಗೆ ನಮ್ಮದು ಒಣ ಸೀಮೆ. ಬೇಲಿ ತುಂಬ ಬಳ್ಳಾರಿ ಜಾಲಿ, ಗೋಮಾಳದಲ್ಲಿ ಕಾರೆ ಮುಳ್ಳು. ಈರುಳ್ಳಿ ಕೀಳುವವರು, ಮೆಕ್ಕೆಜೋಳ ಮುರಿಯುವವರು, ಕುರಿ ಹಿಂದೆ ಹೋಗುವವರು ಬರಿಗಾಲಲ್ಲೋ ತೆಳು ಹವಾಯಿ ಚಪ್ಪಲಿಯಲ್ಲೋ ಇರುತ್ತಾರೆ. ಈ ಕಾಯಿಲೆ ಇಂಥ ಸೀಮೆಯದ್ದೇ. ರಾಜಸ್ಥಾನ, ತಮಿಳುನಾಡು, ಆಫ್ರಿಕಾದ ಸೂಡಾನ್, ಅಮೆರಿಕ ಖಂಡದ ಮೆಕ್ಸಿಕೋ ಎಲ್ಲ ಕಡೆಯೂ ಮುಳ್ಳು, ದನಕರು, ಬರಿಗಾಲು ಇರುವ ಜಾಗದಲ್ಲೇ ಅದು ಕಾಣಿಸುತ್ತದೆ. ಸೂಡಾನಿನಲ್ಲಿ ಮಣ್ಣಿನಲ್ಲೂ ಮುಳ್ಳಿನಲ್ಲೂ ಈ ಫಂಗಸ್‌ನ ಗುರುತು ಸಿಕ್ಕಿದೆ. ಮುಳ್ಳು ಚುಚ್ಚಿದಾಗ ಅದು ಚರ್ಮದ ಕೆಳಗೆ ಇಳಿಯುತ್ತದೆ.

ಇಳಿದ ಮೇಲೆ ಅದಕ್ಕೆ ಅವಸರವೇ ಇಲ್ಲ. ತಿಂಗಳು ಕಳೆಯುತ್ತದೆ, ಕೆಲವರಿಗೆ ವರ್ಷಗಳೇ ಕಳೆಯುತ್ತವೆ. ಮುಳ್ಳು ಚುಚ್ಚಿದ್ದೇ ಮರೆತುಹೋಗಿರುತ್ತದೆ. ಆಮೇಲೆ ಪಾದದ ಮೇಲೋ ಅಂಗಾಲಿನಲ್ಲೋ ಒಂದು ಗಟ್ಟಿ ಗಂಟು. ನೋವಿಲ್ಲ. ಮೋಸ ಇರುವುದೇ ಇಲ್ಲಿ. ನೋವಿದ್ದಿದ್ದರೆ ಆಳು ಮಾರನೇ ದಿನವೇ ಆಸ್ಪತ್ರೆಗೆ ಹೋಗುತ್ತಿದ್ದ. ನೋವಿಲ್ಲದ ಗಂಟು ಹೊತ್ತು ಎರಡು ಸುಗ್ಗಿ ದಾಟಿಬಿಡುತ್ತಾನೆ. ಆಮೇಲೆ ಗಂಟಿನ ಮೇಲೆ ಸಣ್ಣ ಸಣ್ಣ ತೂತು ಬೀಳುತ್ತವೆ. ಒಂದು ಮುಚ್ಚುತ್ತದೆ, ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ತೂತಿನಿಂದ ಬರುವ ಕೀವಿನಲ್ಲಿ ಸಣ್ಣ ಕಾಳುಗಳಿರುತ್ತವೆ, ಗಸಗಸೆಯಷ್ಟು ಗಾತ್ರದವು.

ಗಟ್ಟಿ ಗಂಟು, ಸೋರುವ ತೂತು, ಕೀವಿನಲ್ಲಿ ಕಾಳು. ಈ ಮೂರೂ ಒಟ್ಟಿಗೆ ಕಂಡರೆ ಮೈಸಿಟೋಮ ಎಂದು ಅನುಮಾನಿಸಲೇಬೇಕು. ಇದಕ್ಕೆ ದೊಡ್ಡ ಮಷೀನು ಬೇಡ. ಒಂದು ಬಿಳಿ ಹತ್ತಿಬಟ್ಟೆ ಸಾಕು. ರಾತ್ರಿ ತೂತಿನ ಮೇಲೆ ಒಣ ಬಟ್ಟೆ ಕಟ್ಟಿ ಮಲಗಿ, ಬೆಳಿಗ್ಗೆ ಬಿಚ್ಚಿ ಬೆಳಕಿಗೆ ಹಿಡಿದರೆ ಕಾಳು ಅಂಟಿರುವುದು ಕಾಣುತ್ತದೆ. ಆ ಬಟ್ಟೆಯನ್ನು ಎಸೆಯಬೇಡಿ, ಮಡಿಚಿ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.

ಕಾಳಿನ ಬಣ್ಣಕ್ಕೆ ಬೆಲೆ ಇದೆ. ಈ ಕಾಯಿಲೆಯಲ್ಲಿ ಎರಡು ಬಗೆ. ಒಂದು ಫಂಗಸ್‌ನದು, ಇನ್ನೊಂದು ಬ್ಯಾಕ್ಟೀರಿಯಾದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಪೂರ್ತಿ ಬೇರೆ. ಕಾಳು ಕಪ್ಪಗಿದ್ದರೆ ಬಹುಪಾಲು ಫಂಗಸ್. ಕೆಂಪಗಿದ್ದರೆ ಬ್ಯಾಕ್ಟೀರಿಯಾ. ಬಿಳಿ ಅಥವಾ ಹಳದಿ ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು, ಬಣ್ಣ ನೋಡಿ ಹೇಳಲಾಗದು. ಬ್ಯಾಕ್ಟೀರಿಯಾದ್ದಾದರೆ ಇಂಜೆಕ್ಷನ್ನು ಮತ್ತು ಆಂಟಿಬಯಾಟಿಕ್ ಮಾತ್ರೆಯ ಜೋಡಿಯಿಂದ ತಿಂಗಳುಗಳಲ್ಲಿ ಬಹಳ ಜನಕ್ಕೆ ವಾಸಿಯಾಗುತ್ತದೆ, ಆಪರೇಷನ್ ಬೇಕಾಗುವುದೇ ಅಪರೂಪ. ಫಂಗಸ್‌ನದಾದರೆ ಆಂಟಿಬಯಾಟಿಕ್ ಎಷ್ಟು ಕೊಟ್ಟರೂ ಬೇರಿಗೆ ತಾಗುವುದಿಲ್ಲ.

ಆದರೂ ಮೊದಲು ಸಿಗುವುದು ಆಂಟಿಬಯಾಟಿಕ್ಕೇ. ಕೊಟ್ಟ ಐದು ದಿನಕ್ಕೆ ಸ್ವಲ್ಪ ಗುಣ ಕಂಡ ಹಾಗೂ ಆಗುತ್ತದೆ. ತೂತಿನ ಮೂಲಕ ಹೊರಗಿನ ಬೇರೆ ಕೀಟಾಣು ಸೇರಿ ಕೀವು, ನೋವು ಹೆಚ್ಚಿರುತ್ತದೆ. ಆಂಟಿಬಯಾಟಿಕ್ ಅದನ್ನು ತಗ್ಗಿಸುತ್ತದೆ. ಗಂಟು ಇದ್ದ ಹಾಗೇ ಇರುತ್ತದೆ. ಮುಂದಿನ ತಿಂಗಳು ಮತ್ತೆ ಸೋರಿದಾಗ ಮತ್ತೊಂದು ಕೋರ್ಸು. ಕಾಳು ನೋಡದೆ ಮೂರನೇ ಸಲ ಆಂಟಿಬಯಾಟಿಕ್ ಬರೆಯುವುದನ್ನು ನಾವು ಚಿಕಿತ್ಸೆ ಅನ್ನುವುದಿಲ್ಲ, ಕಾಲಹರಣ ಅನ್ನುತ್ತೇವೆ. ಆ ಹೊತ್ತಿನಲ್ಲಿ ಫಂಗಸ್ ಮಾಂಸ ದಾಟಿ ಮೂಳೆಗೆ ಹೋಗಿರುತ್ತದೆ.

ಹುಳಕಡ್ಡಿ ಮಾತ್ರೆ, ಆದರೆ ಹುಳಕಡ್ಡಿ ಲೆಕ್ಕ ಅಲ್ಲ

ಫಂಗಸ್‌ನ ಮೈಸಿಟೋಮಕ್ಕೆ ಇವತ್ತು ನಮ್ಮಲ್ಲಿ ಮುಖ್ಯವಾಗಿ ಬಳಸುವ ಮದ್ದು ಇಟ್ರಾಕೊನಜೋಲ್. ಈ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ತೊಡೆಸಂದಿಯ ಹುಳಕಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಕ್ಯಾಪ್ಸೂಲೇ ಇದು. ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಹುಳಕಡ್ಡಿಗೆ ಕೆಲವು ವಾರ ತೆಗೆದುಕೊಂಡು ಬಿಟ್ಟ ಅಭ್ಯಾಸ ಜನಕ್ಕಿದೆ. ಅದೇ ಮಾತ್ರೆಯನ್ನು ಕಾಲಿನ ಗಂಟಿಗೆ ಕೊಟ್ಟಾಗ, ಒಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಮದ್ದು ಹತ್ತಲಿಲ್ಲ ಎಂದು ಬಿಟ್ಟುಬಿಡುತ್ತಾರೆ.

ಹುಳಕಡ್ಡಿ ಚರ್ಮದ ಮೇಲ್ಪದರದಲ್ಲಿರುತ್ತದೆ. ಮೈಸಿಟೋಮ ಆಳದಲ್ಲಿ ಕೋಟೆ ಕಟ್ಟಿಕೊಂಡು ಕೂತಿರುತ್ತದೆ. ಆ ಕಪ್ಪು ಕಾಳು ಅಂದೆವಲ್ಲ, ಅದು ಫಂಗಸ್‌ನ ಎಳೆಗಳು ಒತ್ತಾಗಿ ಹೆಣೆದುಕೊಂಡು, ಸಿಮೆಂಟಿನಂಥ ಗಟ್ಟಿ ಪದಾರ್ಥದಲ್ಲಿ ಹೂತುಕೊಂಡ ಉಂಡೆ. ಅದರ ಕಪ್ಪು ಬಣ್ಣವೇ ಮದ್ದಿನಿಂದ ಅದನ್ನು ಕಾಯುವ ಗುರಾಣಿ. ಹಾಗಾಗಿ ಮದ್ದು ಒಳಗೆ ಇಳಿಯುವುದು ನಿಧಾನ. ರೂಢಿಯ ಪ್ರಮಾಣ ದಿನಕ್ಕೆ 400 ಮಿಲಿಗ್ರಾಂ, ಅಂದರೆ ಬೆಳಿಗ್ಗೆ 200, ರಾತ್ರಿ 200. ಅವಧಿ ಸಾಮಾನ್ಯವಾಗಿ 12 ತಿಂಗಳು, ಎಷ್ಟೋ ಸಲ ಅದಕ್ಕಿಂತ ಹೆಚ್ಚು.

ಈ ಕ್ಯಾಪ್ಸೂಲಿಗೆ ಒಂದು ಸ್ವಭಾವ ಇದೆ. ಹೊಟ್ಟೆಯಲ್ಲಿ ಊಟ ಮತ್ತು ಹುಳಿ ಇದ್ದರೆ ಮಾತ್ರ ಅದು ಸರಿಯಾಗಿ ಕರಗಿ ರಕ್ತಕ್ಕೆ ಸೇರುತ್ತದೆ. ಬೆಳಗಿನ ಜಾವ ಬರೀ ಟೀ ಕುಡಿದು ಮಾತ್ರೆ ನುಂಗಿ ಕೂಲಿಗೆ ಹೊರಟರೆ ಅರ್ಧ ಮದ್ದು ವ್ಯರ್ಥ. ಹೊಟ್ಟೆ ತುಂಬ ಮುದ್ದೆ, ಸಾರು, ಅನ್ನ ಉಂಡ ಕೂಡಲೇ ನುಂಗಬೇಕು. ಇನ್ನೂ ದೊಡ್ಡ ತಪ್ಪು ಗ್ಯಾಸ್ ಮಾತ್ರೆ. ನಮ್ಮ ಕಡೆ ಯಾವ ಮಾತ್ರೆ ಬರೆದರೂ ಜೊತೆಗೊಂದು ಗ್ಯಾಸ್ ಮಾತ್ರೆ ಕೊಡುವುದು ಪದ್ಧತಿಯೇ ಆಗಿಬಿಟ್ಟಿದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರುಚಿಗೆ ಸಿಹಿಯಾದ ಗ್ಯಾಸ್ ಸಿರಪ್ಪು ಎಲ್ಲವೂ ಹೊಟ್ಟೆಯ ಹುಳಿಯನ್ನು ತೆಗೆಯುವಂಥವು. ಹುಳಿ ಹೋದರೆ ಇಟ್ರಾಕೊನಜೋಲ್ ಮೈಗೆ ಸೇರುವುದಿಲ್ಲ. ಆರು ತಿಂಗಳು ತಪ್ಪದೆ ನುಂಗಿದವರಿಗೂ ಗುಣ ಕಾಣದಿದ್ದರೆ, ಮದ್ದು ಸೋತಿತು ಅನ್ನುವ ಮೊದಲು ಜೊತೆಗೆ ಏನು ನುಂಗುತ್ತಿದ್ದರು ಎಂದು ಕೇಳಬೇಕು.

ಎಲ್ಲರಿಗೂ ಇದನ್ನು ಕೊಡುವಂತಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಹೃದಯ ದುರ್ಬಲವಾಗಿರುವವರಿಗೆ, ಬಸುರಿಯರಿಗೆ ಇದು ಸಲ್ಲದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು. ಬೇರೆ ಮಾತ್ರೆಗಳ ಜೊತೆ ಇದು ಜಗಳ ಆಡುತ್ತದೆ. ಮೂರ್ಛೆ ರೋಗದ ಮಾತ್ರೆ, ಟಿಬಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಚೀಟಿ ಸಮೇತ ತೋರಿಸಬೇಕು. ಶುರು ಮಾಡುವ ಮೊದಲು ಒಂದು ಸಲ, ಆಮೇಲೆ ಮೊದಲ ತಿಂಗಳಿಗೆ, ಅಲ್ಲಿಂದ ಡಾಕ್ಟರು ಹೇಳಿದಷ್ಟು ದಿನಕ್ಕೊಮ್ಮೆ ಲಿವರ್‌ನ ರಕ್ತಪರೀಕ್ಷೆ ಆಗಬೇಕು. ಕಣ್ಣು ಹಳದಿಯಾದರೆ, ಮೂತ್ರ ಟೀ ಬಣ್ಣಕ್ಕೆ ತಿರುಗಿದರೆ, ಊಟ ಬೇಡವಾದರೆ, ಎರಡೂ ಕಾಲು ಊದಿ ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಚಾಕುವಿಗೂ ಒಂದು ಹೊತ್ತಿದೆ

ನಮ್ಮ ವಾದಕ್ಕೆ ಬರುವ ದೊಡ್ಡ ಎದುರುಮಾತು ಇದು: “ವರ್ಷ ಪೂರ್ತಿ ಮಾತ್ರೆ ಯಾರು ನುಂಗುತ್ತಾರೆ? ಗಂಟು ಕೊಯ್ದು ಎಸೆದರೆ ಆಯಿತು. ಬಡವನಿಗೆ ಒಂದೇ ಸಲಕ್ಕೆ ಮುಗಿಯಲಿ.”

ಈ ಮಾತಿನಲ್ಲಿ ಕರುಣೆ ಇದೆ, ಆದರೆ ಲೆಕ್ಕ ತಪ್ಪಿದೆ. ಮದ್ದಿಲ್ಲದೆ ಹಸಿ ಗಂಟಿಗೆ ಚಾಕು ಹಾಕಿದರೆ ಆಗುವುದೇನು? ಆ ಹೊತ್ತಿಗೆ ಗಂಟಿಗೆ ಒಂದು ಗಡಿ ಅಂತ ಇರುವುದಿಲ್ಲ. ಗರಿಕೆ ಬೇರಿನ ಹಾಗೆ ಸುತ್ತಲೂ ಹರಡಿರುತ್ತದೆ. ಮೇಲೆ ಕಾಣುವಷ್ಟನ್ನು ಕೊಯ್ದರೆ ಕೆಳಗಿನ ಎಳೆ ಉಳಿಯುತ್ತದೆ. ಗಂಟು ಒಡೆದರೆ ಕಾಳು ಸುತ್ತಲಿನ ಒಳ್ಳೆಯ ಮಾಂಸಕ್ಕೆ ಚೆಲ್ಲುತ್ತದೆ. ಹೊಲದಲ್ಲಿ ಗರಿಕೆಗೆ ಬರೀ ಕುಡುಗೋಲು ಆಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮತ್ತೆ ಬರುತ್ತದೆ, ಮತ್ತೆ ಕೊಯ್ಯುತ್ತಾರೆ. ಪ್ರತಿ ಸಲವೂ ಪಾದ ಸ್ವಲ್ಪ ಕಡಿಮೆಯಾಗುತ್ತದೆ.

ಇಟ್ರಾಕೊನಜೋಲ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಅದು ಫಂಗಸನ್ನು ಪೂರ್ತಿ ಕೊಲ್ಲದಿದ್ದರೂ ಅಡಗಿಸುತ್ತದೆ. ಸುತ್ತಲಿನ ಬಾವು ಇಳಿಯುತ್ತದೆ. ಗಂಟಿನ ಸುತ್ತ ದೇಹವೇ ಗಟ್ಟಿ ನಾರಿನ ಚೀಲ ಕಟ್ಟುತ್ತದೆ. ಸುಮಾರು ಆರು ತಿಂಗಳ ಹೊತ್ತಿಗೆ, ಹರಡಿಕೊಂಡಿದ್ದ ಗಂಟು ಗಡಿ ಇರುವ ಗಂಟಾಗುತ್ತದೆ. ಆಗ ಚೀಲ ಒಡೆಯದ ಹಾಗೆ ಸುತ್ತಲಿನ ಸ್ವಲ್ಪ ಒಳ್ಳೆಯ ಮಾಂಸದ ಸಮೇತ ಇಡಿಯಾಗಿ ತೆಗೆಯಬಹುದು. ಹಾಗಾಗಿ ಮಾತ್ರೆ ಮತ್ತು ಆಪರೇಷನ್ ಒಂದಕ್ಕೊಂದು ಬದಲಿ ಅಲ್ಲ. ಮಾತ್ರೆ ಮೊದಲು, ಚಾಕು ನಡುವೆ, ಮತ್ತೆ ಮಾತ್ರೆ.

ಆಪರೇಷನ್ನು ಎಲ್ಲಿ, ಹೇಗೆ ಎಂಬುದಕ್ಕೂ ನಿಯಮ ಇದೆ. ಗಂಟಿನ ಸುತ್ತ ಸೂಜಿ ಚುಚ್ಚಿ ಅಷ್ಟು ಜಾಗ ಮರಗಟ್ಟಿಸಿ, ಡ್ರೆಸ್ಸಿಂಗ್ ರೂಮಿನಲ್ಲಿ ಹತ್ತು ನಿಮಿಷಕ್ಕೆ ತೆಗೆಯುವ ಕೆಲಸ ಇದಲ್ಲ. ಹಾಗೆ ಮಾಡಿದರೆ ಬೇರು ಎಲ್ಲಿಯವರೆಗೆ ಹೋಗಿದೆ ಎಂದು ಬೆನ್ನಟ್ಟಲಾಗುವುದಿಲ್ಲ, ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಬೆನ್ನಿಗೆ ಸೂಜಿ ಕೊಟ್ಟೋ ಪೂರ್ತಿ ಅರವಳಿಕೆ ಕೊಟ್ಟೋ, ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ, ಕಪ್ಪು ಕಾಳು ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಂಡು ತೆಗೆಯಬೇಕು. ತೆಗೆದದ್ದನ್ನು ಬುಟ್ಟಿಗೆ ಹಾಕದೆ ಲ್ಯಾಬಿಗೆ ಕಳಿಸಬೇಕು. ಆಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯಬೇಕು.

ಒಂದು ಕಾಲಿನ ಲೆಕ್ಕ

ತಿಂಗಳ ಲೆಕ್ಕ ತಿಳಿಯಲು ಒಂದು ಕಾಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರ ಕತೆಯಲ್ಲ, ಚಿಕಿತ್ಸೆ ಸರಿಯಾಗಿ ನಡೆದರೆ ಹೇಗೆ ನಡೆಯುತ್ತದೆ ಎಂಬ ನಕ್ಷೆ. ಈರುಳ್ಳಿ ಹೊಲದಲ್ಲಿ ಕೂಲಿ ಮಾಡುವ ಮೂವತ್ತೈದರ ಹೆಣ್ಣುಮಗಳು. ಬಲಪಾದದ ಮೇಲೆ ನಾಲ್ಕು ಸೆಂಟಿಮೀಟರ್ ಗಂಟು, ಎರಡು ತೂತು, ಬಟ್ಟೆಯಲ್ಲಿ ಕಪ್ಪು ಕಾಳು.

ಮೊದಲ ವಾರ ಪಾದದ ಎಕ್ಸ್‌ರೇ. ಮೂಳೆಯಲ್ಲಿ ಕುಳಿ ಬಿದ್ದಿದೆಯೇ ಎಂದು ನೋಡಲು. ಸ್ಕ್ಯಾನಿಂಗ್, ಗಂಟು ಎಷ್ಟು ಆಳಕ್ಕೆ ಹೋಗಿದೆ ಎಂದು ತಿಳಿಯಲು. ಆಳದಿಂದ ಒಂದು ಚೂರು ತೆಗೆದು ಬಯಾಪ್ಸಿ. ಸೂಕ್ಷ್ಮದರ್ಶಕದಲ್ಲಿ ದಪ್ಪ ಎಳೆ ಕಂಡರೆ ಫಂಗಸ್, ತೀರಾ ಸಣ್ಣ ಎಳೆ ಕಂಡರೆ ಬ್ಯಾಕ್ಟೀರಿಯಾ. ಇನ್ನೊಂದು ಚೂರನ್ನು ಲ್ಯಾಬಿನಲ್ಲಿ ಬೆಳೆಸಲು ಇಡುತ್ತಾರೆ, ಅದು ಬೆಳೆಯಲು ವಾರಗಳೇ ಬೇಕು. ಜೊತೆಗೆ ಲಿವರ್ ಪರೀಕ್ಷೆ, ಗರ್ಭ ಇಲ್ಲವೆಂದು ಖಚಿತಪಡಿಸಿಕೊಳ್ಳುವ ಪರೀಕ್ಷೆ. ಈಕೆಗೆ ಫಂಗಸ್ ಎಂದಾಯಿತು, ಮೂಳೆಗೆ ಇನ್ನೂ ಹೋಗಿಲ್ಲ.

ಮೊದಲ ತಿಂಗಳು ಮುಗಿದಾಗ ಗಂಟು ಹಾಗೇ ಇರುತ್ತದೆ. ಹೆಚ್ಚಿನವರು ಬಿಡುವುದು ಇಲ್ಲಿಯೇ. ಮೂರನೇ ತಿಂಗಳ ಹೊತ್ತಿಗೆ ಸೋರುವುದು ಕಡಿಮೆಯಾಗಬೇಕು, ಹೊಸ ತೂತು ಬೀಳುವುದು ನಿಲ್ಲಬೇಕು. ಗಂಟು ಗಟ್ಟಿಯಾಗುತ್ತದೆ, ಬೆರಳಿನಿಂದ ಅಂಚು ಸಿಗುತ್ತದೆ. ಗಟ್ಟಿಯಾಯಿತಲ್ಲ ಎಂದು ಹೆದರಬಾರದು, ಅದು ಚೀಲ ಕಟ್ಟುತ್ತಿರುವ ಸೂಚನೆ. ಹೊಸ ತೂತು ಬೀಳುತ್ತಲೇ ಇದ್ದರೆ, ಗಂಟು ದೊಡ್ಡದಾಗುತ್ತಿದ್ದರೆ ಏನೋ ತಪ್ಪಿದೆ. ಊಟ, ಗ್ಯಾಸ್ ಮಾತ್ರೆ, ತಪ್ಪಿದ ದಿನಗಳು, ಮೊದಲಿಗೆ ಹೇಳಿದ ರೋಗವೇ ಸರಿಯೇ ಎಂಬುದು, ಎಲ್ಲವನ್ನೂ ಮತ್ತೆ ನೋಡಬೇಕು.

ಆರನೇ ತಿಂಗಳಲ್ಲಿ ಮತ್ತೆ ಸ್ಕ್ಯಾನಿಂಗ್. ಗಂಟು ಕರಗಿ ಇಲ್ಲವೆನ್ನುವಷ್ಟಾಗಿದ್ದರೆ ಮಾತ್ರೆಯಲ್ಲೇ ಮುಂದುವರಿಯಬಹುದು. ಗಡಿ ಕಟ್ಟಿ ಉಳಿದಿದ್ದರೆ ಇದೇ ಆಪರೇಷನ್ನಿನ ಹೊತ್ತು. ಈಕೆಗೆ ಎರಡೂವರೆ ಸೆಂಟಿಮೀಟರ್ ಉಳಿದಿದೆ ಎಂದುಕೊಳ್ಳಿ. ಇಡಿಯಾಗಿ ತೆಗೆಯುತ್ತಾರೆ. ಗಾಯ ಮಾಗುತ್ತದೆ, ಪಾದ ಉಳಿಯುತ್ತದೆ. ಏಳರಿಂದ ಹನ್ನೆರಡನೇ ತಿಂಗಳವರೆಗೆ ಮಾತ್ರೆ ಮುಂದುವರಿಯುತ್ತದೆ. ಕೊನೆಗೆ ಮತ್ತೊಂದು ಸ್ಕ್ಯಾನಿಂಗ್. ತೂತು ಮುಚ್ಚಿದ್ದೇ ವಾಸಿಯಾದ ಗುರುತಲ್ಲ. ಮೇಲೆ ಚರ್ಮ ಕೂಡಿಕೊಂಡು ಒಳಗೆ ಕಾಳು ಉಳಿದಿರಬಹುದು. ಊತ ಇಲ್ಲ, ಸೋರುವುದಿಲ್ಲ, ಸ್ಕ್ಯಾನಿನಲ್ಲೂ ಕಾಳಿಲ್ಲ ಎಂದಾದ ಮೇಲೆಯೇ ಮಾತ್ರೆ ನಿಲ್ಲಿಸುವುದು. ಆಮೇಲೂ ಒಂದೆರಡು ವರ್ಷ ಆಗಾಗ ಕಾಲು ತೋರಿಸಬೇಕು, ಮರುಕಳಿಸುವ ಕಾಯಿಲೆ ಇದು.

ಎಲ್ಲ ಕಾಲಿಗೂ ಈ ನಕ್ಷೆ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇವೆ. ಕಡಲೆಕಾಳಿನಷ್ಟೇ ಇರುವ, ಹರಡದ ಗಂಟನ್ನು ಸರ್ಜನ್ನರು ಬೇಗ ತೆಗೆಯಬಹುದು, ಆದರೆ ಮದ್ದಿನ ಆಸರೆಯಲ್ಲಿ. ಪಾದದ ಮೂಳೆಗಳೆಲ್ಲ ತಿಂದುಹೋಗಿ, ಮದ್ದು ಕೊಟ್ಟೂ ಫಲವಿಲ್ಲದೆ, ಪದೇ ಪದೇ ಕೀವಾಗಿ ಜೀವಕ್ಕೇ ಅಪಾಯವಿದ್ದರೆ ಕಾಲು ತೆಗೆಯುವುದೇ ಸರಿಯಾದ ಚಿಕಿತ್ಸೆ. ಅಂಥ ಕಾಲನ್ನು ಉಳಿಸಿಕೊಂಡು ನರಳುವುದಕ್ಕಿಂತ ಕೃತಕ ಕಾಲಿನಲ್ಲಿ ನಡೆಯುವುದು ಮೇಲು. ಕಾಲು ತೆಗೆಯುವುದನ್ನೇ ನಾವು ವಿರೋಧಿಸುತ್ತಿಲ್ಲ. ಮದ್ದನ್ನು ಕೊಟ್ಟು ನೋಡದೆಯೇ ಅಲ್ಲಿಗೆ ತಲುಪುವುದನ್ನು ವಿರೋಧಿಸುತ್ತೇವೆ.

ಸೂಡಾನ್ ಹೇಳಿದ ಸತ್ಯ

ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಹೆಚ್ಚು ಕಲಿಸಿದ್ದು ಸೂಡಾನಿನ ರಾಜಧಾನಿ ಖಾರ್ತೂಮಿನ ಮೈಸಿಟೋಮ ಕೇಂದ್ರ. 1991ರಲ್ಲಿ ಶುರುವಾದದ್ದು. ಅಲ್ಲಿನ ರೋಗಿಗಳೂ ನಮ್ಮ ಹಾಗೆ ರೈತರು, ಕೂಲಿಗಳು, ಕುರಿಗಾಹಿಗಳು. 2012ರಲ್ಲಿ ಆ ಕೇಂದ್ರದವರು ತಮ್ಮ ಸಾವಿರಕ್ಕೂ ಹೆಚ್ಚು ಫಂಗಸ್ ರೋಗಿಗಳ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದರು. ವಾಸಿಯಾದವರು ಸುಮಾರು ಕಾಲುಭಾಗ. ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬರುವುದನ್ನು ನಿಲ್ಲಿಸಿದ್ದರು.

ಅದೇ ಕೇಂದ್ರದಲ್ಲಿ ಆಮೇಲೆ ಹೊಸ ಮಾತ್ರೆಯೊಂದನ್ನು ಇಟ್ರಾಕೊನಜೋಲ್ ಜೊತೆ ಹೋಲಿಸಿ ನೋಡುವ ಪರೀಕ್ಷೆ ನಡೆಯಿತು. 104 ಜನ ಸೇರಿದ್ದರು. ಎಲ್ಲರಿಗೂ 12 ತಿಂಗಳು ಮದ್ದು, ಆರನೇ ತಿಂಗಳಿಗೆ ಆಪರೇಷನ್. ಫಲಿತಾಂಶ 2024ರಲ್ಲಿ ಬಂತು. ಹೊಸ ಮಾತ್ರೆ ಹಳೆಯದನ್ನು ಮೀರಿಸಲಿಲ್ಲ. ವಾರಕ್ಕೊಮ್ಮೆ ನುಂಗಿದರೆ ಸಾಕು ಎಂಬುದು ಅದರ ಅನುಕೂಲ. ಆದರೆ ನಮಗೆ ಮುಖ್ಯವಾದ ಸಂಗತಿ ಬೇರೆ. ಇಟ್ರಾಕೊನಜೋಲ್ ತೆಗೆದುಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ವಾಸಿಯಾದರು.

ಎರಡು ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ರೋಗಿಗಳು ಒಂದೇ ಥರದವರಲ್ಲ, ನೇರವಾಗಿ ತೂಗಲಾಗದು ನಿಜ. ಪರೀಕ್ಷೆಗೆ ಆರಿಸಿಕೊಂಡದ್ದು ಆಪರೇಷನ್ನಿಗೆ ಒದಗುವ ಗಂಟುಗಳನ್ನು. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪರೀಕ್ಷೆಯಲ್ಲಿದ್ದವರಿಗೆ ಮಾತ್ರೆ ತಪ್ಪಲಿಲ್ಲ, ಕರೆದು ನೋಡುವವರಿದ್ದರು, ಆಪರೇಷನ್ ಹೊತ್ತಿಗೆ ಸರಿಯಾಗಿ ಆಯಿತು. ಹೊರಗಿದ್ದವರು ಅರ್ಧದಾರಿಯಲ್ಲಿ ಕಳೆದುಹೋದರು. ರೋಗಿಗೆ ಶಿಸ್ತಿಲ್ಲ ಎಂದು ಇದನ್ನು ತಳ್ಳಿಹಾಕುವವರಿಗೆ ನಮ್ಮ ಪ್ರಶ್ನೆ: ದಿನಗೂಲಿಯವನು ಶಿಸ್ತನ್ನು ಯಾವ ದುಡ್ಡಿನಲ್ಲಿ ಕೊಳ್ಳಬೇಕು?

ದುಡ್ಡಿನ ಲೆಕ್ಕ

ದಿನಕ್ಕೆ ಎರಡರಂತೆ ವರ್ಷಕ್ಕೆ 200 ಮಿಲಿಗ್ರಾಂನ 730 ಕ್ಯಾಪ್ಸೂಲು. ಒಂದಕ್ಕೆ ಹತ್ತು ರೂಪಾಯಿ ಎಂದೇ ಇಟ್ಟುಕೊಂಡರೂ 7,300 ರೂಪಾಯಿ. ಇಪ್ಪತ್ತಾದರೆ 14,600. ಇದರ ಮೇಲೆ ರಕ್ತಪರೀಕ್ಷೆ, ಸ್ಕ್ಯಾನಿಂಗು, ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿಬರುವ ಬಸ್ ಚಾರ್ಜು, ಹೋದ ದಿನದ ಕೂಲಿ. ಸರ್ಕಾರಕ್ಕೆ ಇದು ದೊಡ್ಡ ಮೊತ್ತವಲ್ಲ. ಕೂಲಿ ಮನೆಗೆ ದೊಡ್ಡದು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಇದೆಯಲ್ಲ ಎಂದು ಕೇಳುತ್ತೀರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಆದರೆ ಆ ಯೋಜನೆ ಕಟ್ಟಿರುವುದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಆಯುಷ್ಮಾನ್ ಭಾರತ್‌ನಲ್ಲಿ ಬಿಡುಗಡೆಯಾದ ಮೇಲೆ 15 ದಿನದ ಮದ್ದು ಸೇರುತ್ತದೆ. ಮನೆಯಲ್ಲಿ ಕೂತು 12 ತಿಂಗಳು ನುಂಗುವ ಮಾತ್ರೆಗೆ ಅದರಲ್ಲಿ ಜಾಗವಿಲ್ಲ. ಇದರ ಅರ್ಥ ಏನಾಯಿತು ನೋಡಿ. ಕಾಲು ತೆಗೆಯಲು ದಾಖಲಾದರೆ ಕಾರ್ಡ್ ಹಿಡಿಯುತ್ತದೆ. ಕಾಲು ತೆಗೆಯುವುದೇ ಬೇಡವಾಗಲು ಬೇಕಾದ ಮಾತ್ರೆ ಕೈಯಿಂದ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಬರೆದಿಲ್ಲ. ದೀರ್ಘ ಕಾಲದ ಮಾತ್ರೆಯ ಕಾಯಿಲೆಗಳನ್ನು ಬರೆಯುವಾಗ ಈ ಕಾಲು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೆ.

ಟಿಬಿಗೆ ನಾವು ಹೀಗೆ ಮಾಡುತ್ತೇವೆಯೇ? ತಿಂಗಳುಗಟ್ಟಲೆ ಮಾತ್ರೆಯನ್ನು ಸರ್ಕಾರವೇ ಕೊಡುತ್ತದೆ, ತಪ್ಪಿಸಿದರೆ ಮನೆಗೆ ಬಂದು ವಿಚಾರಿಸುತ್ತಾರೆ. ಕುಷ್ಠಕ್ಕೂ ಮಾತ್ರೆ ಉಚಿತ. ಆನೆಕಾಲಿಗೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಮೈಸಿಟೋಮ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಪಕ್ಕದಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ರೋಗಿಯ ಮನೆಯವರಿಗೆ ಅದು ನೆಮ್ಮದಿಯ ಸಂಗತಿ. ಆದರೆ ಹರಡದ ಕಾಯಿಲೆಯಾದ್ದರಿಂದಲೇ ಅದಕ್ಕೆ ಕಾರ್ಯಕ್ರಮವೂ ಇಲ್ಲ, ಲೆಕ್ಕವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ 2022ರ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೆ ಇಟ್ರಾಕೊನಜೋಲ್ ಕೂಡ ಸೇರಿತು. ಪಟ್ಟಿಯಲ್ಲಿ ಹೆಸರು ಬಂದದ್ದು ಮೊದಲ ಹೆಜ್ಜೆ. ಪಟ್ಟಿಯಿಂದ ರೋಗಿಯ ಕೈಗೆ ಬರುವ ದಾರಿ ಇನ್ನೂ ಬಾಕಿ ಇದೆ.

ನಾವು ಕೇಳುವುದು

ದೊಡ್ಡ ಆಸ್ಪತ್ರೆ ಕಟ್ಟಿ ಎಂದು ನಾವು ಕೇಳುತ್ತಿಲ್ಲ. ಬೇಕಿರುವ ಎಕ್ಸ್‌ರೇ, ಬಯಾಪ್ಸಿ, ಸರ್ಜನ್ನರು ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳ ಮಟ್ಟದಲ್ಲಿ ಸಿಗುವಂಥವೇ. ಕೊರತೆ ಇರುವುದು ನಡುವಿನ ಕೊಂಡಿಗಳಲ್ಲಿ.

ಕುಷ್ಠ ಪತ್ತೆ ಆಂದೋಲನಕ್ಕೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲಿನ ಮಚ್ಚೆ ನೋಡುತ್ತಾರೆ. ಅದೇ ಹೊತ್ತಿಗೆ “ಕಾಲಲ್ಲಿ ನೋವಿಲ್ಲದ ಗಂಟಿದೆಯಾ, ಸೋರುತ್ತಾ, ಕಾಳು ಬರುತ್ತಾ?” ಎಂದು ಒಂದು ಪ್ರಶ್ನೆ ಸೇರಿಸಲಿ. ಅವರಿಗೆ ಅದಕ್ಕೆ ಪ್ರತ್ಯೇಕ ಗೌರವಧನವನ್ನೂ ಕೊಡಲಿ, ಪುಕ್ಕಟೆ ಕೆಲಸ ಹೇರುವುದು ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೋರುವ ಗಂಟಿಗೆ ಎರಡನೇ ಸಲ ಆಂಟಿಬಯಾಟಿಕ್ ಬರೆಯುವ ಮೊದಲು ಬಟ್ಟೆಯ ಮೇಲಿನ ಕಾಳು ನೋಡುವ ನಿಯಮ ಆಗಲಿ. ರೋಗ ಖಚಿತವಾದವರಿಗೆ ತಾಲ್ಲೂಕು ಆಸ್ಪತ್ರೆಯಿಂದಲೇ ತಿಂಗಳು ತಿಂಗಳು ಮಾತ್ರೆ ಉಚಿತವಾಗಿ ಸಿಗಲಿ, ಮಾತ್ರೆ ಕೊಡುವ ದಿನವೇ ಲಿವರ್ ಪರೀಕ್ಷೆಯ ರಕ್ತವನ್ನೂ ತೆಗೆದುಕೊಳ್ಳಲಿ. ಆಗ ಹೊಸದುರ್ಗದ ಹಳ್ಳಿಯವರು ಒಂದು ಡಬ್ಬಿ ಮಾತ್ರೆಗೆ ದುರ್ಗಕ್ಕೆ ಕೂಲಿ ಬಿಟ್ಟು ಓಡಬೇಕಿಲ್ಲ. ಈ ಕಾಯಿಲೆಯ ಪೂರ್ತಿ ವರ್ಷದ ಮದ್ದನ್ನು ಕಾರ್ಡಿನ ಒಳಗೆ ತರಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಗಂಟು ಇರುವವರು ಯಾರಿಂದಲೂ ಅದನ್ನು ಸುಮ್ಮನೆ ಕೊಯ್ಸಿಕೊಳ್ಳಬೇಡಿ, ಮೊದಲು “ಬಯಾಪ್ಸಿ ಆಯ್ತಾ ಸರ್, ಫಂಗಸ್ಸಾ ಬ್ಯಾಕ್ಟೀರಿಯಾನಾ?” ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ. ಈಗಾಗಲೇ ಮಾತ್ರೆ ಶುರು ಮಾಡಿದವರು ಜನೌಷಧಿ ಅಂಗಡಿಯಲ್ಲಿ ಬೆಲೆ ವಿಚಾರಿಸಿ, ದುಡ್ಡು ಮುಗಿದು ನಿಲ್ಲಿಸುವ ಪರಿಸ್ಥಿತಿ ಬಂದರೆ ನಿಲ್ಲಿಸುವ ಮೊದಲೇ ಡಾಕ್ಟರಿಗೆ ಹೇಳಿ. ನಿಮ್ಮ ಹೊಲಕ್ಕೆ ಆಳು ಕರೆಯುವ ರೈತರು ಮುಳ್ಳು ಕಡಿಯುವ ದಿನವಾದರೂ ಅಂಗಾಲು ಗಟ್ಟಿಯಿರುವ ಮುಚ್ಚಿದ ಚಪ್ಪಲಿ ಕೊಡಿ. ಕೀಟನಾಶಕಕ್ಕೆ ಖರ್ಚು ಮಾಡುವುದರ ಮುಂದೆ ಅದು ಏನೂ ಅಲ್ಲ.

ಕಾರ್ಟರನ ಕಾಲದಲ್ಲಿ ಕಾಲು ಕಡಿದವರನ್ನು ನಾವು ದೂರುವುದಿಲ್ಲ, ಅವರ ಕೈಯಲ್ಲಿ ಮದ್ದಿರಲಿಲ್ಲ. ಮದ್ದು ಮೆಡಿಕಲ್ ಶಾಪಿನ ಕಪಾಟಿನಲ್ಲಿರುವಾಗ, ಆಪರೇಷನ್ನಿನ ಸರಿಯಾದ ಹೊತ್ತೂ ಗೊತ್ತಿರುವಾಗ ಹೋಗುವ ಕಾಲಿಗೆ ಮಾತ್ರ ಯಾರಾದರೂ ಉತ್ತರ ಹೇಳಬೇಕು.